ಗಾಳಿ ಸೆನ್ಸರ್‌ನ ಸುಳ್ಳು ಏರಿಕೆ: ಮಿತಿ, ಸರಾಸರಿ, ಮೀಡಿಯನ್ ಮೂರನ್ನೂ ಹಾಕಿ ನೋಡಿದೆ

ಶಿವಮೊಗ್ಗ ಮತ್ತು ತೀರ್ಥಹಳ್ಳಿ ಕಡೆಯ ಗೆಳೆಯರ ಮನೆ ಜಗಲಿಗಳಲ್ಲಿ ಎಸ್‌ಡಿಎಸ್ 011 ಸೆನ್ಸರ್‌ಗಳಿವೆ. ಅವು ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ ಸೆನ್ಸರ್ ಕಮ್ಯುನಿಟಿ ಅನ್ನುವ ಜಾಲದ ಸಾರ್ವಜನಿಕ ಫೀಡ್‌ಗೆ ರೀಡಿಂಗ್ ಕಳಿಸುತ್ತವೆ. ನಾನು ಅದನ್ನು ಎಳೆದುಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುತ್ತೇನೆ. `P2` ಅಂತ ಬರುವುದೇ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಅಳತೆ. ಮಳೆ ಬಿದ್ದ ದಿನ 15ರ ಆಸುಪಾಸು ಇರುವ ಅಂಕಿ ರಿಫ್ರೆಶ್ ಆದ ಕೂಡಲೇ 412 ಆಗಿ ಕೆಂಪು ಬಣ್ಣಕ್ಕೆ ತಿರುಗಿದರೆ, ನೋಡಿದವರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಹಾಗಾಗಿ ಇದನ್ನು ಸರಿ ಮಾಡಲೇಬೇಕಿತ್ತು.

ಒಂದು ಸಾಲು ತೆಗೆದುಕೊಳ್ಳೋಣ: 14, 15, 13, 16, 412.

ಮೊದಲನೆಯದು ಮಿತಿ. 500 ದಾಟಿದ್ದನ್ನು ಬಿಸಾಕು ಅನ್ನುವುದು. ಬರೆಯುವುದು ಸುಲಭ, ಸೆನ್ಸರ್ ಕೆಟ್ಟು 999.9 ಕಳಿಸಿದರೆ ಹಿಡಿಯುತ್ತದೆ, ಆದರೆ 412 ಆರಾಮಾಗಿ ಒಳಗೆ ಬರುತ್ತದೆ. ಮಿತಿಯನ್ನು 100ಕ್ಕೆ ಇಳಿಸಿದರೆ ನಿಜವಾದ ಹೊಗೆಯೂ ಹೋಗಿಬಿಡುತ್ತದೆ, ಅಡಿಕೆ ಬೇಯಿಸುವ ಕಾಲದಲ್ಲಿ ಒಲೆ ಹತ್ತಿರದ ಸೆನ್ಸರ್‌ಗೆ 100 ದೊಡ್ಡ ವಿಷಯವಲ್ಲ.

ಎರಡನೆಯದು ಐದು ರೀಡಿಂಗ್‌ಗಳ ಸರಾಸರಿ. ಮೇಲಿನ ಸಾಲಿಗೆ ಅದು 94 ಕೊಡುತ್ತದೆ. 412 ಹೋಯಿತು, ಸರಿ, ಆದರೆ ಅದರ ಜಾಗಕ್ಕೆ ಬಂದ 94 ಕೂಡ ಸುಳ್ಳೇ ಅಲ್ವಾ? ಅಷ್ಟೇ ಅಲ್ಲ, ಆ 412 ಇನ್ನೂ ನಾಲ್ಕು ರೀಡಿಂಗ್‌ವರೆಗೆ ಸರಾಸರಿಯಲ್ಲೇ ಕೂತಿರುತ್ತದೆ. ಒಂದು ಕ್ಷಣದ ತಪ್ಪು ಹತ್ತು ಹನ್ನೆರಡು ನಿಮಿಷದ ತಪ್ಪಾಗುತ್ತದೆ. ನನಗೆ ಇದು ಮಿತಿಗಿಂತಲೂ ಕೆಟ್ಟದು ಅನಿಸಿತು, ಯಾಕೆಂದರೆ 94 ನಂಬುವಂತೆ ಕಾಣುತ್ತದೆ.

ಮೂರನೆಯದು ಮೀಡಿಯನ್. ಅದೇ ಐದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ 15 ನಿಲ್ಲುತ್ತದೆ, 412ರ ಗುರುತೇ ಇಲ್ಲ. ನಾನು ಉಳಿಸಿಕೊಂಡಿದ್ದು ಇದನ್ನೇ, ಹಿಂದಿನ ಏಳು ರೀಡಿಂಗ್ `w`ನಲ್ಲಿ ಇಟ್ಟುಕೊಂಡು, ಹೊಸದು ಮೀಡಿಯನ್‌ನಿಂದ ಎಷ್ಟು ದೂರ ಇದೆ ಅಂತ ಅಳೆಯುವ ರೂಪದಲ್ಲಿ:

```python
m = median(w)
mad = median(abs(x - m) for x in w)
limit = max(4.45 * mad, 10)
ok = abs(new - m) <= limit
```

ಆ 10 ಇಲ್ಲದಿದ್ದರೆ ಮಲೆನಾಡಿನಲ್ಲಿ ಇದು ಕೆಲಸ ಮಾಡುವುದಿಲ್ಲ. ಮಳೆಗಾಲದ ಶುದ್ಧ ಗಾಳಿಯಲ್ಲಿ ರೀಡಿಂಗ್‌ಗಳು 14, 15, 13, 16, 15, 14, 15 ಅಂತ ಒತ್ತೊತ್ತಾಗಿ ಇರುತ್ತವೆ. ಮೀಡಿಯನ್ 15, ಅದರಿಂದ ಒಂದೊಂದು ರೀಡಿಂಗ್ ಇರುವ ದೂರಗಳ ಮೀಡಿಯನ್ ಆದ `mad` ಬರೀ 1. ಅಂದರೆ ನಾಲ್ಕೂವರೆಗಿಂತ ಜಾಸ್ತಿ ಆಚೀಚೆಯಾದ ಯಾವುದನ್ನೂ ಬಿಡುವುದಿಲ್ಲ, 21 ಬಂದರೂ ದೋಷ ಅನ್ನುತ್ತದೆ. ಗಾಳಿ ಚೆನ್ನಾಗಿದ್ದಷ್ಟೂ ಫಿಲ್ಟರ್ ಅತಿ ಬಿಗಿಯಾಗುತ್ತದೆ. ಹತ್ತು ಮೈಕ್ರೋಗ್ರಾಂ ಕನಿಷ್ಠ ಸಡಿಲ ಕೊಟ್ಟ ಮೇಲೆ ಸರಿಹೋಯಿತು.

ಇನ್ನು ನಿಜವಾದ ಹೊಗೆ. ಬೆಳಿಗ್ಗೆ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿದಾಗ ಸಾಲು ಹೀಗೆ ಬರುತ್ತದೆ: 15, 48, 71, 66, 58. ಏರಿದ ಮೊದಲ ಎರಡನ್ನು ತಡೆಹಿಡಿದು, ಮೂರನೆಯದೂ ಮೇಲೆಯೇ ಇದ್ದರೆ ಒಪ್ಪಿಕೊಳ್ಳುತ್ತೇನೆ. ಸುಮಾರು ಐದು ನಿಮಿಷ ತಡ, ಅಷ್ಟು ಪರವಾಗಿಲ್ಲ. ಆದರೆ ತಡೆಹಿಡಿದ ರೀಡಿಂಗ್‌ಗಳೂ ಆ ಏಳರ ಪಟ್ಟಿಗೆ ಸೇರಲೇಬೇಕು. ತೆರೆಗೆ ಬರದಿದ್ದರೆ ಸಾಕು. `limit` ದಾಟಿದ್ದನ್ನೆಲ್ಲ ಪಟ್ಟಿಯಿಂದಲೇ ತೆಗೆದರೆ ಮೀಡಿಯನ್ 15ರಲ್ಲೇ ಉಳಿದು, ಹೊಗೆ ಎಷ್ಟು ಹೊತ್ತು ನಿಂತರೂ ಪ್ರತಿ ರೀಡಿಂಗೂ ಅದಕ್ಕೆ ದೋಷವಾಗಿಯೇ ಕಾಣುತ್ತದೆ.

ರಿಫ್ರೆಶ್‌ನಲ್ಲಿ ಇನ್ನೊಂದು ತೊಡಕು ಇದೆ, ಮೂರು ವಿಧಾನಕ್ಕೂ ಸೇರಿದ್ದು. ಫೀಡ್ ಕೊಡುವುದು ಕಳೆದ ಐದು ನಿಮಿಷದ ಡೇಟಾ. ನಿಮಿಷಕ್ಕೊಮ್ಮೆ ಕೇಳಿದರೆ ಅದೇ 412 ನಾಲ್ಕೈದು ಸಲ ಕೈಗೆ ಬರುತ್ತದೆ. ಮೂರು ಸಲ ಬಂತು, ಹಾಗಾದರೆ ನಿಜ ಅಂತ ಕೋಡ್ ಒಪ್ಪಿಬಿಡುತ್ತದೆ. ಪ್ರತಿ ರೀಡಿಂಗ್‌ನ `id` ನೋಡಿ, ಮೊದಲೇ ಬಂದದ್ದನ್ನು ಬಿಟ್ಟುಬಿಡಬೇಕು. ಮೀಡಿಯನ್‌ಗಿಂತ ಮೊದಲು ಈ ಒಂದು ಸಾಲು ಬರೆಯಿರಿ.

ಕೆಟ್ಟ ಸೆನ್ಸರ್ ಅಂದರೆ ಬರೀ ಜಿಗಿತವೂ ಅಲ್ಲ. ಕೊಳವೆಯೊಳಗೆ ಜೇಡ ಬಲೆ ಕಟ್ಟಿ ಗಾಳಿ ನಿಂತರೆ ಗಂಟೆಗಟ್ಟಲೆ ಒಂದೇ ಅಂಕಿ ಬರಬಹುದು, ಮೀಡಿಯನ್‌ಗೆ ಅದಕ್ಕಿಂತ ಒಳ್ಳೆ ಸೆನ್ಸರ್ ಇಲ್ಲ! ಜೀವಂತ ಸೆನ್ಸರ್‌ನಲ್ಲಿ ದಶಾಂಶವಾದರೂ ಅಲುಗಾಡುತ್ತದೆ. ಒಂದು ಗಂಟೆ ಅಲುಗಾಡದಿದ್ದರೆ ನಾನು ಅದನ್ನು ಬೂದು ಬಣ್ಣಕ್ಕೆ ತಿರುಗಿಸಿ, ಕೊನೆಯ ಸರಿ ರೀಡಿಂಗ್‌ನ ಸಮಯ ಪಕ್ಕದಲ್ಲಿ ಹಾಕುತ್ತೇನೆ. ಸೊನ್ನೆ ಮಾತ್ರ ತೋರಿಸುವುದಿಲ್ಲ, ಸೊನ್ನೆ ಅಂದರೆ ಜನ ಗಾಳಿ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಮಂಜಿಗೆ ಮಾತ್ರ ಈ ಮೂರರಲ್ಲಿ ಯಾವುದೂ ಮದ್ದಲ್ಲ. ತೇವಾಂಶ 70 ಶೇಕಡಾ ದಾಟಿದರೆ ಈ ಸೆನ್ಸರ್ ನೀರು ಹೀರಿ ಉಬ್ಬಿದ ಕಣವನ್ನೂ ದೊಡ್ಡ ಧೂಳಾಗಿ ಎಣಿಸುತ್ತದೆ. ಆ ಏರಿಕೆ ಗಂಟೆಗಟ್ಟಲೆ ನಿಲ್ಲುವುದರಿಂದ ಮೀಡಿಯನ್ ಅದನ್ನು ನಿಜ ಅಂತಲೇ ಒಪ್ಪುತ್ತದೆ. ಆಗುಂಬೆ ಕಡೆ ಇಡುವುದಾದರೆ ತೇವಾಂಶದ ಸೆನ್ಸರ್ ಜೊತೆಗಿರಲಿ, ಆ ಹೊತ್ತಿನ ಅಂಕಿಯ ಪಕ್ಕ ‘ಮಂಜು, ಜಾಸ್ತಿ ತೋರಿಸುತ್ತಿರಬಹುದು’ ಅಂತ ಬರೆಯಿರಿ.