ಅಂಗಡಿ ಬಾಡಿಗೆಗೆ ಹಿಡಿಯುವವರೇ, ಅಡ್ವಾನ್ಸ್ ಕೊಡುವ ಮುಂಚೆ ಈ ಎರಡು ಮಾತು ಬರೆಸಿಕೊಳ್ಳಿ

ನಾನು ಬೆಂಗಳೂರಿನಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಮೊದಲ ಸಲ ಅಂಗಡಿ ಹಿಡಿದಾಗ ಬಾಗಿಲು ತೆಗೆಯುವ ಮೊದಲೇ ನಲವತ್ತು ಸಾವಿರಕ್ಕೂ ಜಾಸ್ತಿ ಕಳೆದುಕೊಂಡೆ. ಕಾರಣ ಎರಡು: ಒಳಗೆ ಕೆಲಸ ಮಾಡಿಸುವ ದಿನಗಳ ಬಾಡಿಗೆ, ಬೋರ್ಡ್ ಹಾಕುವ ಜಾಗ. ಬಾಡಿಗೆ 16,000, ಅಡ್ವಾನ್ಸ್ 1,60,000. "15 ದಿನ ಬಾಡಿಗೆ ಬೇಡಮ್ಮ, ಆರಾಮಾಗಿ ಕೆಲಸ ಮಾಡಿಸ್ಕೊಳ್ಳಿ" ಅಂತ ಓನರ್ ಅಂಕಲ್ ಬಾಯಿಮಾತಲ್ಲಿ ಹೇಳಿದ್ದರು. ನಾನು ನಂಬಿದೆ.

ಕರಾರು ಟೈಪ್ ಮಾಡಿಸಿದ್ದು ಬ್ರೋಕರ್. ಹನ್ನೊಂದು ತಿಂಗಳ ಕರಾರು, ಜೂನ್ 1ರಿಂದ ಬಾಡಿಗೆ ಅಂತ ಇತ್ತು. ಬೀಗದ ಕೈ ಸಿಕ್ಕಿದ್ದು ಜೂನ್ 6ಕ್ಕೆ. 15 ದಿನದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, "ಹೇಳಿದ್ದೀನಲ್ಲ, ಬರೆಯೋದು ಯಾಕೆ?" ಅಂದರು. ಸಹಿ ಹಾಕಿದೆ.

ಒಳಗೆ ಬಣ್ಣ, ಕಪಾಟು, ಕನ್ನಡಿ ಎಲ್ಲ ಹತ್ತು ದಿನದಲ್ಲಿ ಮುಗಿಯಿತು. ಸಿಕ್ಕಿಹಾಕಿಕೊಂಡಿದ್ದು ಕರೆಂಟಿನಲ್ಲಿ. ಅಂಗಡಿಗೆ 1 ಕಿಲೋವ್ಯಾಟ್ ಲೋಡ್ ಮಾತ್ರ ಇತ್ತು. ನನಗೆ ಮೂರು ಮೋಟಾರ್ ಮೆಷಿನ್, ಎರಡು ಇಸ್ತ್ರಿ ಪೆಟ್ಟಿಗೆ. ಇಸ್ತ್ರಿ ಪೆಟ್ಟಿಗೆ ಒಂದೇ ಸಾವಿರ ವ್ಯಾಟ್ ಎಳೆಯುತ್ತದೆ. 3 ಕಿಲೋವ್ಯಾಟ್ ಆದರೂ ಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದರು. ಮೀಟರ್ ಓನರ್ ಹೆಸರಲ್ಲಿದ್ದ ಕಾರಣ ಲೋಡ್ ಹೆಚ್ಚಿಸುವ ಅರ್ಜಿಗೆ ಅವರ ಸಹಿ ಬೇಕಿತ್ತು. ಅವರು ಮಗಳ ಊರಿಗೆ ಹೋಗಿ, ಬಂದಿದ್ದು ಜೂನ್ ಕೊನೆಗೆ. ಅಂಗಡಿ ಶುರುವಾಗಿದ್ದು ಜುಲೈ 14ಕ್ಕೆ. ಜೂನ್ ಬಾಡಿಗೆ ಪೂರ್ತಿ 16,000, ಜುಲೈನ 13 ದಿನಕ್ಕೆ ಸುಮಾರು 6,700. 15 ದಿನದ್ದು ನೆನಪಿಸಿದರೆ, "ಕರಾರಿನಲ್ಲಿ ಏನಿದೆಯೋ ಅಷ್ಟೇ ಅಮ್ಮ" ಅಂದುಬಿಟ್ಟರು.

ಬೋರ್ಡಿನ ಕಥೆ ಇನ್ನೂ ನೋವಿನದು. ಶಟರ್ ಪೆಟ್ಟಿಗೆಗೂ ಮೇಲಿನ ಬಾಲ್ಕನಿಗೂ ಮಧ್ಯೆ ಮೂರಡಿ ಗೋಡೆ ಇತ್ತು. ಅಂಗಡಿಯ ತಲೆಯ ಮೇಲಿನ ಜಾಗ ಅಂಗಡಿಯವರದ್ದೇ ಅಂತ ನಾನು ಅಂದುಕೊಂಡಿದ್ದೆ. ಒಂಬತ್ತು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಎಲ್‌ಇಡಿ ಬೋರ್ಡ್ ಮಾಡಿಸಿದೆ. 19,500 ಆಯ್ತು. ಹುಡುಗರು ಗೋಡೆ ಕೊರೆಯಲು ಶುರು ಮಾಡಿದ್ದೇ ತಡ, ಮಹಡಿ ಮೇಲಿನ ಟ್ಯೂಷನ್ ಸೆಂಟರಿನವರು ಇಳಿದು ಬಂದರು. ಆ ಗೋಡೆ ಅವರಿಗೆ ಕೊಟ್ಟಾಗಿತ್ತು. ಕರಾರು ತೆಗೆದು ನೋಡಿದರೆ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೋಡೆಗೆ ಏನೂ ಹಾಕುವಂತಿಲ್ಲ ಅಂತ ಇದೆ. ನಾನು ಅದನ್ನು ಓದಿದ್ದೆ, ಮಳೆ ಶೀಟಿನ ಬಗ್ಗೆ ಇರಬೇಕು ಅಂದುಕೊಂಡಿದ್ದೆ.

ಕೊನೆಗೆ ಶಟರ್ ಪಕ್ಕದ ಕಂಬಕ್ಕೆ ಮೂರಡಿಯ ಪುಟ್ಟ ಬೋರ್ಡ್ ಸಿಕ್ಕಿತು. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕಲ್ವಾ, ಹೆಸರು, ಫೋನ್ ನಂಬರ್ ಎಲ್ಲ ಅಷ್ಟರಲ್ಲೇ ಹಿಡಿಸಬೇಕಾಯಿತು. ರಸ್ತೆಯ ಆಚೆಯಿಂದ ಒಂದಕ್ಷರ ಕಾಣುತ್ತಿರಲಿಲ್ಲ. ಗಿರಾಕಿಗಳು ಎರಡು ಅಂಗಡಿ ಮುಂದೆ ಹೋಗಿ ನಿಂತು ಫೋನ್ ಮಾಡುತ್ತಿದ್ದರು.

ಎರಡನೇ ಅಂಗಡಿ ಹಿಡಿಯುವಾಗ ಅಡ್ವಾನ್ಸಿಗೆ ಮೊದಲೇ ಕೂತು ಮಾತಾಡಿದೆ. ಬಾಡಿಗೆ ಇಲ್ಲದೆ 30 ದಿನ ಕೇಳಿದೆ. ಓನರ್ 20 ದಿನ ಪೂರ್ತಿ ಬಿಟ್ಟು, ಮುಂದಿನ 10 ದಿನಕ್ಕೆ ಅರ್ಧ ಬಾಡಿಗೆ ಅಂದರು. ಒಪ್ಪಿಕೊಂಡೆ. ಆದರೆ ಲೆಕ್ಕ ಕರಾರಿನ ತಾರೀಖಿನಿಂದ ಅಲ್ಲ, ಬೀಗದ ಕೈ ಕೈಗೆ ಬಂದ ದಿನದಿಂದ ಅಂತ ಬರೆಸಿದೆ. ಓನರ್ ಸಹಿ ತಡವಾದರೆ, ಹಳೇ ಬಾಡಿಗೆದಾರರ ಸಾಮಾನು ಒಳಗೇ ಉಳಿದರೆ, ಅಷ್ಟು ದಿನ ಬಾಡಿಗೆ ಇಲ್ಲದ ದಿನಗಳಿಗೆ ಸೇರಿಕೊಳ್ಳುತ್ತದೆ ಅಂತಲೂ ಇದೆ. ಈ ಒಂದು ಸಾಲಿಗೆ ನೀವು ಗಟ್ಟಿಯಾಗಿ ನಿಲ್ಲಿ. ಇದಿಲ್ಲದೆ 30 ದಿನ ಸಿಕ್ಕರೂ ಕೈಯಲ್ಲಿ ಉಳಿಯುವುದು ಹತ್ತೋ ಹದಿನೈದೋ. ಪ್ರತಿಯಾಗಿ ಅವರು, ಆರು ತಿಂಗಳ ಒಳಗೆ ಖಾಲಿ ಮಾಡಿದರೆ ಬಿಟ್ಟ ಬಾಡಿಗೆ ವಾಪಸ್ ಕೊಡಬೇಕು ಅಂತ ಕೇಳಿದರು. ನ್ಯಾಯವೇ ಅನ್ನಿಸಿತು.

ಬೋರ್ಡಿಗೆ ಬೇರೆ ದಾರಿ ಹಿಡಿದೆ. ಅಂಗಡಿ ಮುಂಭಾಗದ ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ಬೋರ್ಡ್ ಬರುವ ಜಾಗಕ್ಕೆ ಪೆನ್ನಿನಲ್ಲಿ ಚೌಕ ಎಳೆದು ಉದ್ದ, ಅಗಲ ಬರೆದೆ. ಅದರ ಮೇಲೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿದೆವು. ಆ ಜಾಗ ಬೇರೆ ಯಾರಿಗೂ ಕೊಡುವುದಿಲ್ಲ, ದೀಪದ ಕರೆಂಟ್ ನನ್ನ ಮೀಟರಿನಿಂದ, ಖಾಲಿ ಮಾಡುವಾಗ ಬೋರ್ಡ್ ನನ್ನದು, ಗೋಡೆಯ ತೂತು ಮುಚ್ಚಿಸುವುದು ನನ್ನ ಖರ್ಚು ಅಂತ ನಾಲ್ಕು ಸಾಲು ಇವೆ. ಸಹಿಗೆ ಮೊದಲು ಮಹಡಿಯವರ ಹತ್ತಿರ ಹೋಗಿ, ಈ ಗೋಡೆ ನಿಮ್ಮ ಕರಾರಿನಲ್ಲಿ ಇದೆಯಾ ಅಂತಲೂ ಕೇಳಿ ಬಂದೆ. ಇಲ್ಲ ಅಂದರು. ಆಮೇಲೇ ಅಡ್ವಾನ್ಸ್ ಕೊಟ್ಟೆ.