ಮೂರು ವರ್ಷ ಬಳಸಿದ ಫೋನು, ಕರೆಯಲ್ಲಿ ಎರಡು ಬಾರಿ ಕೆಟ್ಟ ದನಿ

ಈ ಫೋನನ್ನು ಕೊಂಡು ಮೂರು ವರ್ಷಗಳಾದವು. ಬ್ಯಾಟರಿಯ ಬಗ್ಗೆಯಾಗಲಿ ಕ್ಯಾಮೆರಾದ ಬಗ್ಗೆಯಾಗಲಿ ನನಗೆ ದೂರಿಲ್ಲ. ಕಾಡಿದ್ದು ಕರೆಯ ದನಿ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅಕ್ಕ, “ಬಾವಿಯೊಳಗಿಂದ ಮಾತಾಡಿದ ಹಾಗಿದೆ ಕಣೋ” ಎನ್ನತೊಡಗಿದಳು. ನೆಟ್‌ವರ್ಕಿನ ದೋಷವೆಂದು ಕೆಲವು ದಿನ ಸುಮ್ಮನಿದ್ದೆ. ಒಮ್ಮೆ ಕರೆಯ ನಡುವೆಯೇ ಸ್ಪೀಕರ್ ಒತ್ತಿದಾಗ ನನ್ನ ದನಿ ತಿಳಿಯಾಯಿತೆಂದಳು. ಈ ಫೋನಿನಲ್ಲಿ ಎರಡು ಮೈಕುಗಳಿವೆ: ಚಾರ್ಜಿಂಗ್ ತೂತಿನ ಪಕ್ಕದ್ದು ಮಾತನ್ನು ಹಿಡಿಯುತ್ತದೆ, ಮೇಲಂಚಿನದು ಸುತ್ತಲಿನ ಗದ್ದಲವನ್ನು. ಎರಡನ್ನೂ ಹೋಲಿಸಿ ಫೋನು ಗದ್ದಲವನ್ನು ಕಳೆಯುತ್ತದೆ. ಕೆಳಗಿನ ಮೈಕಿನ ತೂತು ಮುಚ್ಚಿಕೊಂಡರೆ ಮಾತು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತಲುಪುವುದರಿಂದ, ಫೋನು ಮಾತನ್ನೂ ಗದ್ದಲವೆಂದೇ ಬಗೆದು ಅದುಮಿಬಿಡುತ್ತದೆ. ಸ್ಪೀಕರ್ ಒತ್ತಿದಾಗ ಮೇಲಿನ ಮೈಕಿಗೆ ಹೆಚ್ಚಿನ ಕೆಲಸ ಬೀಳುತ್ತದೆಂದು ತೋರುತ್ತದೆ. ದೋಷ ಕೆಳಗಿನದರಲ್ಲೇ ಇದೆಯೆಂದು ನನಗೆ ಹೊಳೆದದ್ದು ಹಾಗೆ. ರೆಕಾರ್ಡರ್‌ನಲ್ಲಿ ಹತ್ತು ಸೆಕೆಂಡು ಮಾತಾಡಿ ಕೇಳಿದಾಗಲೂ ದನಿ ಮಂಕಾಗಿಯೇ ಇತ್ತು. ಹೀಗಿರುವಾಗ ನೆಟ್‌ವರ್ಕನ್ನು ದೂರುವಂತಿರಲಿಲ್ಲ.

ತೂತಿನೊಳಗೆ ಜೇಬಿನ ನೂಲುಧೂಳು ಗಟ್ಟಿಯಾಗಿ ಕೂತಿತ್ತು. ಫೋನನ್ನು ಆರಿಸಿ, ತೂತು ಕೆಳಮುಖವಾಗುವಂತೆ ಹಿಡಿದು, ಒಣಗಿದ ಮೆತ್ತನೆಯ ಬ್ರಷ್‌ನಿಂದ ಎಳೆದೆ. ಸಿಮ್ ತೆಗೆಯುವ ಪಿನ್ನನ್ನು ಮಾತ್ರ ಅಲ್ಲಿ ಯಾರೂ ಚುಚ್ಚಬಾರದು. ಒಳಗಿನ ಜಾಲರಿ ಹರಿದು ಮೈಕೇ ಹಾಳಾದೀತು. ಊದಿದರೂ ಧೂಳು ಒಳಕ್ಕೇ ಹೋಗುತ್ತದೆ. ನಾಲ್ಕೈದು ಬಾರಿ ಎಳೆದ ಮೇಲೆ ದನಿ ಮರಳಿತು. ಹಾಗೂ ಮರಳದಿದ್ದರೆ ಮೈಕನ್ನೇ ಬದಲಿಸಬೇಕಿತ್ತು. ನನ್ನ ಮಾದರಿಯಲ್ಲಿ ಅದು ಚಾರ್ಜಿಂಗ್ ಬೋರ್ಡ್‌ನ ಮೇಲೆಯೇ ಇರುವುದರಿಂದ ಅಂಗಡಿಯವರು ಬೋರ್ಡನ್ನೇ ಬದಲಿಸುತ್ತಾರಂತೆ.

ಪ್ರತಿಧ್ವನಿ ಬಂದದ್ದು ಮೂರನೆಯ ವರ್ಷ, ಒಡೆದ ಡಿಸ್‌ಪ್ಲೇಯನ್ನು ಬದಲಿಸಿದ ಮೇಲೆ. ಎದುರಿನವರಿಗೆ ಅವರ ಮಾತೇ ಮರಳಿ ಕೇಳುತ್ತಿತ್ತು. ಪ್ರತಿಧ್ವನಿ ಕೇಳಿಸಿಕೊಳ್ಳುವವರ ಫೋನನ್ನು ಎಲ್ಲರೂ ದೂರುತ್ತಾರೆ, ಆದರೆ ಸಾಮಾನ್ಯವಾಗಿ ದೋಷವಿರುವುದು ಆಚೆ ಬದಿಯಲ್ಲಿ: ಅವರ ದನಿ ನನ್ನ ಇಯರ್ ಸ್ಪೀಕರ್‌ನಿಂದ ಹೊರಟು ನನ್ನದೇ ಮೈಕಿಗೆ ಬಿದ್ದು ಹಿಂದಿರುಗುತ್ತದೆ. ನಾನು ವಾಲ್ಯೂಮ್ ತಗ್ಗಿಸಿದಾಗ ಅದು ಕಡಿಮೆಯಾಯಿತು, ಇಯರ್‌ಫೋನ್ ಹಾಕಿದಾಗ ಇಲ್ಲವಾಯಿತು. ಫೋನು ಬಿಚ್ಚಿ ನೋಡಿದಾಗ ಇಯರ್ ಸ್ಪೀಕರ್ ಸುತ್ತಲಿನ ಸ್ಪಂಜಿನ ಅಂಚನ್ನು ಮರಳಿ ಕೂರಿಸಿಯೇ ಇರಲಿಲ್ಲ. ದನಿ ಕಿವಿಗೆ ಹೋಗುವ ಬದಲು ಒಡಲೊಳಗೆ ಸೋರುತ್ತಿತ್ತು. ಅದನ್ನು ಕೂರಿಸಿದ ಮೇಲೆ ಪ್ರತಿಧ್ವನಿ ನಿಂತಿತು.

ಸ್ಪೀಕರೇ ಗರಗರ ಎನ್ನುತ್ತಿದ್ದರೆ ಇಷ್ಟು ಸಾಲದು. ಪ್ರತಿಧ್ವನಿ ಅಳಿಸುವ ತಂತ್ರಾಂಶ ಹೊರಟ ದನಿಯ ಅಂದಾಜನ್ನು ಕಳೆಯುತ್ತದೆ, ವಿಕಾರಗೊಂಡ ದನಿ ಆ ಅಂದಾಜಿಗೆ ಸಿಗುವುದಿಲ್ಲ. ಆಗ ಸ್ಪೀಕರನ್ನು ಬದಲಿಸಿಯೇ ತೀರಬೇಕು. ಹೀಗೆ ಒಮ್ಮೆ ಬಿಚ್ಚಿದ ನನ್ನ ಫೋನಿನ ನೀರುನಿರೋಧಕ ಅಂಟನ್ನು ನಾನೀಗ ನಂಬುವುದಿಲ್ಲ. ಮಳೆಯಲ್ಲಿ ಅದನ್ನು ಹೊರತೆಗೆಯುವುದನ್ನೂ ಬಿಟ್ಟಿದ್ದೇನೆ.