ಮುದ್ದತು ಮುಗಿದ ಪಿಪಿಎಫ್ ಖಾತೆ: ಒಂದೇ ಮನೆಯ ಮೂರು ದಾರಿಗಳು

ನಮ್ಮ ಕುಟುಂಬದ ಮೂರು ಪಿಪಿಎಫ್ ಖಾತೆಗಳು ಒಂದು ವರ್ಷದ ಅಂತರದಲ್ಲಿ ಮುದ್ದತು ಮುಗಿಸಿದವು. ಗದಗಿನಲ್ಲಿರುವ ಅಣ್ಣ ತನ್ನ ಖಾತೆಯನ್ನು ಮುಚ್ಚಿ ಹಣ ತೆಗೆದುಕೊಂಡ. ನನ್ನ ಖಾತೆ ಹೊಸ ಜಮೆಯಿಲ್ಲದೆ ಮುಂದುವರಿದಿದೆ. ಧಾರವಾಡದ ಅಂಚೆ ಕಚೇರಿಯಲ್ಲಿರುವ ನನ್ನ ಹೆಂಡತಿಯ ಖಾತೆ ಜಮೆಯ ಸಹಿತ ಐದು ವರ್ಷಕ್ಕೆ ವಿಸ್ತರಣೆಯಾಗಿದೆ. ಮೂರನ್ನೂ ಹತ್ತಿರದಿಂದ ನೋಡಿದ ಮೇಲೆ, ಸಂಬಳದಿಂದ ತಿಂಗಳಿಗಿಷ್ಟು ಎಂದು ಉಳಿಸುವ ನನ್ನಂಥವರಿಗೆ ಆಕೆ ಹಿಡಿದ ದಾರಿಯೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ನನ್ನ ಖಾತೆಗೂ ಅದೇ ದಾರಿ ಬೇಕಿತ್ತು. ಒಂದು ಹಾಳೆಯ ಅರ್ಜಿ ಕೊಡದೆ ಅದನ್ನು ಕಳೆದುಕೊಂಡೆ.

ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಎಂಬ ಮಿತಿ ಖಾತೆ ಇರುವವರೆಲ್ಲರಿಗೂ ಗೊತ್ತಿದೆ. ಅಪ್ರಾಪ್ತ ಮಗನ ಹೆಸರಿನಲ್ಲಿ ನಾವೇ ತೆರೆದ ಖಾತೆಯ ಜಮೆಯೂ ಅದೇ ಒಂದೂವರೆ ಲಕ್ಷದೊಳಗೆ ಬರುತ್ತದೆ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಹದಿನೈದು ವರ್ಷದ ಮುದ್ದತನ್ನು ಖಾತೆ ತೆರೆದ ದಿನದಿಂದ ಎಣಿಸುವುದಿಲ್ಲ. ತೆರೆದ ಆರ್ಥಿಕ ವರ್ಷದ ಕೊನೆಯಿಂದ ಎಣಿಸುತ್ತಾರೆ. ನಾನು 2007ರ ನವೆಂಬರಿನಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಿ ತೆರೆದ ಖಾತೆಯ ಎಣಿಕೆ 2008ರ ಮಾರ್ಚ್ 31ರಿಂದ ಶುರುವಾಗಿ 2023ರ ಮಾರ್ಚ್ 31ಕ್ಕೆ ಮುಗಿಯಿತು. ಆಗ ಅದರಲ್ಲಿ 12 ಲಕ್ಷ ರೂಪಾಯಿ ಶಿಲ್ಕಿತ್ತು.

ಆ ಮಾರ್ಚ್ ತಿಂಗಳಿನಲ್ಲಿಯೇ ನಾನು ಶಾಖೆಗೆ ಹೋಗಿ, ಖಾತೆಯನ್ನು ಮುಂದುವರಿಸುವ ಇಚ್ಛೆಯಿದೆ, ಏನು ಮಾಡಬೇಕು ಎಂದು ಕೇಳಿದ್ದೆ. ಕೌಂಟರಿನಲ್ಲಿದ್ದ ಸಿಬ್ಬಂದಿ, "ಏನೂ ಬೇಕಾಗಿಲ್ರಿ ಸರ, ಅಕೌಂಟ್ ತಾನಾ ಮುಂದುವರಿತೈತ್ರಿ" ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಖಾತೆ ತಾನಾಗಿ ಮುಂದುವರಿಯುವುದು ನಿಜ, ಬಡ್ಡಿ ಸೇರುತ್ತ ಹೋಗುವುದೂ ನಿಜ. ಆದರೆ ಹಾಗೆ ತಾನಾಗಿ ಮುಂದುವರಿಯುವುದು ಜಮೆಯಿಲ್ಲದ ಖಾತೆಯಾಗಿ ಮಾತ್ರ. ಹೊಸದಾಗಿ ಹಣ ಕಟ್ಟುತ್ತ ಹೋಗಬೇಕೆಂದರೆ ಮುದ್ದತು ಮುಗಿದ ಒಂದು ವರ್ಷದೊಳಗೆ ಫಾರ್ಮ್ 4ರಲ್ಲಿ ಬರೆದು ಕೊಡಬೇಕು. ನನ್ನ ಪಾಲಿಗೆ ಅದರ ಕೊನೆಯ ದಿನ 2024ರ ಮಾರ್ಚ್ 31 ಆಗಿತ್ತು, ಮತ್ತು ಅದು ನನಗೆ ತಿಳಿದಿರಲಿಲ್ಲ.

ನನ್ನ ಉಳಿತಾಯ ಖಾತೆಯಿಂದ ಪ್ರತಿ ತಿಂಗಳ 3ನೇ ತಾರೀಖಿಗೆ 5,000 ರೂಪಾಯಿ ಪಿಪಿಎಫ್‌ಗೆ ಹೋಗುವಂತೆ ಮೊದಲಿನಿಂದಲೂ ಸೂಚನೆ ಕೊಟ್ಟಿದ್ದೆ. 5ನೇ ತಾರೀಖಿನ ನಂತರದಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಶಿಲ್ಕಿನ ಮೇಲೆ ಆ ತಿಂಗಳ ಬಡ್ಡಿಯನ್ನು ಎಣಿಸುವುದರಿಂದ 3ನೇ ತಾರೀಖನ್ನು ಆರಿಸಿಕೊಂಡಿದ್ದೆ. ಮುದ್ದತು ಮುಗಿದ ಮೇಲೂ ಬ್ಯಾಂಕಿನ ಗಣಕ ವ್ಯವಸ್ಥೆ ಆ ಹಣವನ್ನು ತಡೆಯಲಿಲ್ಲ. ತಿಂಗಳು ತಿಂಗಳು ಸಂದೇಶ ಬರುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಜಮೆ ಮೂಡುತ್ತಿತ್ತು, ಎಲ್ಲವೂ ಸರಿಯಾಗಿದೆಯೆಂದೇ ನಾನು ನಂಬಿದ್ದೆ. 2024ರ ಜೂನ್ ಮಧ್ಯದಲ್ಲಿ ಮನೆಯ ಮಾಳಿಗೆ ದುರಸ್ತಿಗೆಂದು ಎರಡು ಲಕ್ಷ ತೆಗೆಯಲು ಹೋದಾಗ, ಬೇರೆ ಅಧಿಕಾರಿಯೊಬ್ಬರು ಕಡತ ನೋಡಿ, ಫಾರ್ಮ್ 4 ಇಲ್ಲವಲ್ಲ ಎಂದರು. ಮುದ್ದತಿನ ನಂತರ ನಾನು ಕಟ್ಟಿದ ಹದಿನೈದು ಕಂತುಗಳು, ಅಂದರೆ 75,000 ರೂಪಾಯಿ, ನಿಯಮಬಾಹಿರ ಜಮೆ ಎಂದಾದವು. ಅಂಥ ಜಮೆಗೆ ಬಡ್ಡಿಯಿಲ್ಲ. ಮೊದಲ ವರ್ಷದ 60,000ದ ಮೇಲೆ ಮಾರ್ಚ್ ಕೊನೆಗೆ ಸೇರಿದ್ದ ಸುಮಾರು 2,300 ರೂಪಾಯಿ ಬಡ್ಡಿಯನ್ನು ಕಳೆದು, ಅಸಲನ್ನಷ್ಟೇ ಉಳಿತಾಯ ಖಾತೆಗೆ ಹಿಂದಿರುಗಿಸಿದರು.

ಬಡ್ಡಿಗಿಂತ ಹೆಚ್ಚು ಹೊರೆಯಾದದ್ದು ತೆರಿಗೆ. ನಾನು ಹಳೆಯ ತೆರಿಗೆ ಪದ್ಧತಿಯಲ್ಲಿದ್ದೇನೆ, ಆ 60,000ವನ್ನು 80ಸಿ ಕಲಮಿನಡಿ ಕಚೇರಿಯಲ್ಲಿ ತೋರಿಸಿದ್ದೆ. ನಿಯಮಬಾಹಿರ ಜಮೆಗೆ ಆ ವಿನಾಯಿತಿ ಸಿಗುವುದಿಲ್ಲ. ರಿಟರ್ನ್ ಸಲ್ಲಿಸಲು ಜುಲೈ ಕೊನೆಯವರೆಗೆ ಸಮಯವಿದ್ದುದರಿಂದ ಆ ಮೊತ್ತವನ್ನು ಕೈಬಿಟ್ಟು ಲೆಕ್ಕ ಹಾಕಿಸಿದೆ. ಶೇಕಡಾ 20ರ ದರಕ್ಕೆ ಸೆಸ್ ಸೇರಿ 12,480 ರೂಪಾಯಿ ಹೆಚ್ಚು ಕಟ್ಟಬೇಕಾಯಿತು. ಇನ್ನೂ ದೊಡ್ಡ ನಷ್ಟವೆಂದರೆ, ಜಮೆಯಿಲ್ಲದೆ ಒಂದು ವರ್ಷ ದಾಟಿದ ಖಾತೆಯನ್ನು ಮತ್ತೆ ಜಮೆಯ ಖಾತೆಯಾಗಿ ಬದಲಿಸಲು ಬರುವುದಿಲ್ಲ. ನಾನು ಎರಡೂವರೆ ತಿಂಗಳು ತಡವಾಗಿದ್ದೆ.

ಈ ತಪ್ಪನ್ನು ಮೊದಲೇ ಕಂಡುಹಿಡಿಯಲು ಒಂದು ಸುಲಭ ಗುರುತಿದೆ, ಅದನ್ನು ನಾನು ಆಮೇಲೆ ಗಮನಿಸಿದೆ. ಆನ್‌ಲೈನಿನಲ್ಲಿ ನನ್ನ ಖಾತೆಯ ಮುದ್ದತಿನ ದಿನಾಂಕ 2023ರ ಏಪ್ರಿಲ್ 1 ಎಂದೇ ಉಳಿದಿತ್ತು. ವಿಸ್ತರಣೆ ದಾಖಲಾಗಿದ್ದರೆ ಅದು 2028ಕ್ಕೆ ಸರಿಯಬೇಕಿತ್ತು. ಜಮೆ ಮೂಡಿದೆಯೇ ಎಂದು ನೋಡುವುದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಆ ದಿನಾಂಕವನ್ನು.

ಹೆಂಡತಿಯ ಖಾತೆ 2008ರ ಏಪ್ರಿಲಿನದು, ಆದ್ದರಿಂದ 2024ರ ಮಾರ್ಚ್ 31ಕ್ಕೆ ಮುದ್ದತು ಮುಗಿಯಿತು. ನನ್ನ ಖಾತೆಯ ಕಥೆ ಬಯಲಾದಾಗ ಆಕೆಗೆ ಇನ್ನೂ ಒಂಬತ್ತು ತಿಂಗಳ ಅವಕಾಶವಿತ್ತು. ಅರ್ಜಿ ಕೊಡುವವರೆಗೆ ಹೊಸ ಹಣ ಕಟ್ಟುವುದು ಬೇಡವೆಂದು ಇಬ್ಬರೂ ನಿರ್ಧರಿಸಿ, ಜುಲೈ ತಿಂಗಳಲ್ಲಿ ಫಾರ್ಮ್ 4 ತುಂಬಿ ಪಾಸ್‌ಬುಕ್ಕಿನೊಂದಿಗೆ ಅಂಚೆ ಕಚೇರಿಗೆ ಹೋದೆವು. ಅರ್ಜಿಯ ಎರಡು ಪ್ರತಿ ಒಯ್ದಿದ್ದೆವು. ಒಂದನ್ನು ಕೊಟ್ಟ ಮೇಲೆ ಆಕೆ ಇನ್ನೊಂದನ್ನು ಕೌಂಟರಿನೊಳಗೆ ಸರಿಸಿ, "ಇದರ ಮ್ಯಾಲೆ ಶಿಕ್ಕಾ ಹಾಕಿ ಕೊಡ್ರಿ" ಎಂದು ಕೇಳಿ, ನೀಲಿ ಶಾಯಿಯ ಶಿಕ್ಕೆ, ದಿನಾಂಕ ಮತ್ತು ಸಹಿ ಬಿದ್ದ ಮೇಲೆಯೇ ಅಲ್ಲಿಂದ ಸರಿದಳು. ಎರಡು ವಾರದ ನಂತರ ಮತ್ತೆ ಹೋಗಿ, ಮುದ್ದತಿನ ದಿನಾಂಕ 2029ಕ್ಕೆ ಬದಲಾಗಿರುವುದನ್ನು ಖಚಿತಪಡಿಸಿಕೊಂಡೆವು. ಆಗಸ್ಟಿನಿಂದ ಜಮೆ ಶುರುವಾಯಿತು.

ಈ ದಾರಿಯ ಮೇಲೆ ಜನ ಹೊರಿಸುವ ಆಕ್ಷೇಪವೆಂದರೆ ಹಣ ಮತ್ತೆ ಐದು ವರ್ಷ ಕಟ್ಟಿಬೀಳುತ್ತದೆ ಎಂಬುದು. ಅದು ಅರ್ಧ ಮಾತ್ರ ಸತ್ಯ. ವಿಸ್ತರಣೆಯ ಐದು ವರ್ಷದ ಆರಂಭದಲ್ಲಿದ್ದ ಶಿಲ್ಕಿನ ಶೇಕಡಾ 60ರವರೆಗೆ, ವರ್ಷಕ್ಕೊಮ್ಮೆಯಂತೆ ತೆಗೆಯಬಹುದು. ಆಕೆಯ ಖಾತೆಯಲ್ಲಿ ಆರಂಭಕ್ಕೆ 9,50,000 ಇತ್ತು, ಆದ್ದರಿಂದ ಐದು ವರ್ಷಕ್ಕೆ ಒಟ್ಟು ಮಿತಿ 5,70,000. ಮಗಳ ಕಾಲೇಜಿನ ಶುಲ್ಕಕ್ಕೆಂದು ಮೊದಲ ವರ್ಷವೇ ಮೂರು ಲಕ್ಷ ತೆಗೆದೆವು. ಉಳಿದ 2,70,000ವನ್ನು 2029ರ ಮಾರ್ಚ್‌ವರೆಗಿನ ಮುಂದಿನ ವರ್ಷಗಳಲ್ಲಿ ಬೇಕಾದಾಗ ತೆಗೆಯಬಹುದು. ಪ್ರತಿ ವರ್ಷವೂ ಶೇಕಡಾ 60 ಎಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು.

ಮೂಲ ಮುದ್ದತಿನ ಒಳಗೆ ಹಣ ತೆಗೆಯುವ ನಿಯಮಕ್ಕಿಂತ ಇದು ಎಷ್ಟೋ ಉದಾರವಾದದ್ದು. ಮಗಳನ್ನು ಶಾಲೆಗೆ ಸೇರಿಸುವ ವೇಳೆಗೆ, 2014-15ರಲ್ಲಿ, ಆಕೆಯ ಪಾಸ್‌ಬುಕ್ಕಿನಲ್ಲಿ 3,10,000 ಇತ್ತು; ಅರ್ಧ ಸಿಗುತ್ತದೆಂದು ಹೋದರೆ ಸಿಕ್ಕದ್ದು 65,000 ಮಾತ್ರ. ಖಾತೆ ತೆರೆದ ವರ್ಷದ ಕೊನೆಯಿಂದ ಐದು ವರ್ಷ ಕಳೆದ ಮೇಲೆ ತೆಗೆಯಲು ಅವಕಾಶವಿದೆ. ಆದರೆ ಅರ್ಧವನ್ನು ಎಣಿಸುವುದು ನಾಲ್ಕು ವರ್ಷ ಹಿಂದಿನ ಕೊನೆಯ ಶಿಲ್ಕಿನ ಮೇಲೆ ಅಥವಾ ಹಿಂದಿನ ವರ್ಷದ ಕೊನೆಯ ಶಿಲ್ಕಿನ ಮೇಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. 2011ರ ಮಾರ್ಚ್ 31ರಂದು ಆಕೆಯ ಖಾತೆಯಲ್ಲಿದ್ದದ್ದು 1,30,000.

ಜಮೆಯಿಲ್ಲದ ನನ್ನ ಖಾತೆಗೂ ತನ್ನದೇ ಆದ ಗುಣವಿದೆ ಎಂಬುದನ್ನು ಹೇಳಲೇಬೇಕು. ಇಲ್ಲಿ ಶೇಕಡಾ 60ರ ಮಿತಿಯಿಲ್ಲ, ಎಷ್ಟು ಬೇಕಾದರೂ ತೆಗೆಯಬಹುದು, ಆದರೆ ಆರ್ಥಿಕ ವರ್ಷಕ್ಕೆ ಒಂದೇ ಸಲ. ಜೂನ್‌ನಲ್ಲಿ ಮಾಳಿಗೆಗೆಂದು ಎರಡು ಲಕ್ಷ ತೆಗೆದ ನನಗೆ, ಅದೇ ನವೆಂಬರಿನಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಬೇಕಾದಾಗ ಆ ಬಾಗಿಲು ಮುಚ್ಚಿತ್ತು. ಸಂಬಳ ನಿಂತವರಿಗೆ, ಕಟ್ಟಲು ಹೊಸ ಹಣವಿಲ್ಲದವರಿಗೆ ಈ ದಾರಿ ಬಹಳ ಅನುಕೂಲವಾದದ್ದು. 12 ಲಕ್ಷಕ್ಕೆ ಈಗಿನ ಶೇಕಡಾ 7.1ರಂತೆ ವರ್ಷಕ್ಕೆ 85,200 ರೂಪಾಯಿ ತೆರಿಗೆಯಿಲ್ಲದ ಬಡ್ಡಿ ಬರುತ್ತದೆ, ಯಾವ ಅರ್ಜಿಯೂ ಬೇಕಿಲ್ಲ.

ಅಣ್ಣನ ದಾರಿ ಅವನ ಅವಶ್ಯಕತೆಗೆ ಸರಿಯಾಗಿತ್ತು. ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಲು ಅವನಿಗೆ ಹಣ ಬೇಕಿತ್ತು, ಫಾರ್ಮ್ 3 ಕೊಟ್ಟು ಎಂಟು ಲಕ್ಷವನ್ನೂ ತೆಗೆದ. ಆದರೆ ಮುಚ್ಚಿದ್ದು ಅಕ್ಟೋಬರ್ 28ರಂದು. ಮುಚ್ಚುವ ತಿಂಗಳ ಹಿಂದಿನ ತಿಂಗಳ ಕೊನೆಯವರೆಗೆ ಮಾತ್ರ ಬಡ್ಡಿ ಕೊಡುವುದರಿಂದ ಅಕ್ಟೋಬರಿನ ಸುಮಾರು 4,700 ರೂಪಾಯಿ ಹೋಯಿತು. ನಾಲ್ಕು ದಿನ ಕಾದು ನವೆಂಬರ್ 1ಕ್ಕೆ ಹೋಗಿದ್ದರೆ ಅದು ಅವನ ಕೈಸೇರುತ್ತಿತ್ತು. ಕಟ್ಟಡಕ್ಕೆ ಬೇಕಾಗದೆ ಉಳಿದ ಹಣವನ್ನು ಅವನು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಟ್ಟಿದ್ದಾನೆ, ಆ ಬಡ್ಡಿಗೆ ಪ್ರತಿ ವರ್ಷ ತೆರಿಗೆ ಕಟ್ಟುತ್ತಿದ್ದಾನೆ. ಬೇಕಾದಷ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ಖಾತೆಯಲ್ಲಿಯೇ ಬಿಡಬಹುದಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನ ಖಾತೆಯನ್ನು ಮುಚ್ಚಿ ಹೊಸದನ್ನು ತೆರೆಯಬಹುದು, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ 52ನೇ ವಯಸ್ಸಿನಲ್ಲಿ ಮತ್ತೆ ಹದಿನೈದು ವರ್ಷದ ಮುದ್ದತನ್ನು ಶುರುಮಾಡುವ ಮನಸ್ಸು ನನಗಿಲ್ಲ. ಬದಲಿಗೆ ಆ 5,000 ರೂಪಾಯಿ ಈಗ ಪ್ರತಿ ತಿಂಗಳ 3ಕ್ಕೆ ಹೆಂಡತಿಯ ಖಾತೆಗೆ ಹೋಗುತ್ತದೆ. ಗಂಡ ಅಥವಾ ಹೆಂಡತಿಯ ಪಿಪಿಎಫ್‌ಗೆ ಕಟ್ಟಿದ ಹಣಕ್ಕೂ 80ಸಿ ವಿನಾಯಿತಿ ದೊರೆಯುತ್ತದೆ, ಆಕೆ ತಾನೇ ಕಟ್ಟುವುದು ಸೇರಿ ಒಂದೂವರೆ ಲಕ್ಷದ ಮಿತಿ ಮೀರದಂತೆ ನೋಡಿಕೊಂಡರೆ ಸಾಕು. ಶಿಕ್ಕೆ ಬಿದ್ದ ಆ ಪ್ರತಿಯನ್ನು ಪಾಸ್‌ಬುಕ್ಕಿನ ಹಿಂಬದಿಯ ಹೊದಿಕೆಯಲ್ಲಿ ಇಟ್ಟಿದ್ದೇವೆ, ಮತ್ತು ಮುಂದಿನ ಅರ್ಜಿಯ ಗಡುವಾದ 2030ರ ಮಾರ್ಚ್ 31ನ್ನು ಅದರ ಮೇಲೆಯೇ ಆಕೆ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.